ಎರಡು ಸೌಟಿನ ಬಿಸಿಬೇಳೆ ಬಾತು

ನಮ್ಮೂರಿನ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿಗೆ ಹೊಸ ಮೆನು ಕಾರ್ಡು ಮಾಡಿಕೊಟ್ಟು ಎಂಟು ದಿನ ಕಳೆದಿರಲಿಲ್ಲ, ಯಜಮಾನರ ಫೋನು ಬಂತು. "ಸಾರ್, ಒಂದ್ಸಲ ಬಂದು ಹೋಗಿ. ಬಿಸಿಬೇಳೆ ಬಾತಿನ ಫೋಟೋದಿಂದ ದಿನಾ ಒಂದು ಜಗಳ ಆಗ್ತಿದೆ." ಹೋದೆ. ನಾನು ಕಾಫಿ ಮುಗಿಸುವಷ್ಟರಲ್ಲೇ ಒಂದು ಜಗಳ ನಡೆಯಿತು. ಮೂಲೆ ಟೇಬಲ್ಲಿನ ಗಿರಾಕಿಯೊಬ್ಬರು ಮೆನು ಕಾರ್ಡನ್ನು ತಟ್ಟೆಯ ಪಕ್ಕಕ್ಕೆ ಹಿಡಿದುಕೊಂಡು ಸಪ್ಲೈಯರ್ ಹುಡುಗನನ್ನು ಕೇಳುತ್ತಿದ್ದರು: "ಈ ಫೋಟೋದಲ್ಲಿರೋದು ಯಾರಿಗಪ್ಪಾ ಕೊಡ್ತೀರಿ?"

ಕಾರ್ಡಿನಲ್ಲಿದ್ದ ಚಿತ್ರ ನಾನೇ ಎಐ ತಂತ್ರಾಂಶದಲ್ಲಿ ಮಾಡಿಸಿದ್ದು. ಕಪ್ಪು ಮಣ್ಣಿನ ಬಟ್ಟಲು, ಅದರ ತುಂಬ ಗೋಪುರದ ಹಾಗೆ ಅನ್ನ, ಮೇಲೆ ಏಳೆಂಟು ಇಡೀ ಗೋಡಂಬಿ, ಒಂದು ಕಟ್ಟು ಕೊತ್ತಂಬರಿ, ಪಕ್ಕದಲ್ಲಿ ಹೆಚ್ಚಿದ ನಿಂಬೆಹಣ್ಣು. ಇಷ್ಟು ಸಾಲದು ಅಂತ ಇಟ್ಟಿಗೆ ಗೂಡಿನಿಂದ ಎದ್ದ ಹಾಗೆ ದಟ್ಟ ಬಿಳಿ ಹೊಗೆ. ಗಿರಾಕಿಯ ಎದುರಿಗಿದ್ದದ್ದು ಸ್ಟೀಲ್ ತಟ್ಟೆ, ಎರಡು ಸೌಟು ಬಾತು, ಒಂದು ಹಿಡಿ ಖಾರಾಬೂಂದಿ, ಒಂದು ಚಮಚ ತುಪ್ಪ. ಬಾತಿನ ರುಚಿಯ ಬಗ್ಗೆ ಯಾರದೂ ತಕರಾರಿರಲಿಲ್ಲ. ಚಿತ್ರ ನೋಡಿ ಇಟ್ಟುಕೊಂಡ ಲೆಕ್ಕ ತಟ್ಟೆ ನೋಡಿದಾಗ ತಪ್ಪುತ್ತಿತ್ತು, ಅಷ್ಟೆ.

ನಾನು ಆಗ ಬರೆದುಕೊಟ್ಟಿದ್ದ ಪ್ರಾಂಪ್ಟ್, ಅಂದರೆ ಚಿತ್ರ ಹೀಗಿರಲಿ ಎಂದು ತಂತ್ರಾಂಶಕ್ಕೆ ಕೊಡುವ ಮಾತಿನ ಸೂಚನೆ, ಇದು:

```
Bisi bele bath, steaming hot, generous portion,
delicious, professional food photography, 8k
```

ಈ ಎರಡು ಸಾಲಿನಲ್ಲಿ ನಮ್ಮ ಹೋಟೆಲಿಗೆ ಸೇರಿದ ಸಂಗತಿ ಒಂದೂ ಇಲ್ಲ. ತಟ್ಟೆ ಯಾವುದು, ಬಾತು ಎಷ್ಟು, ಗಟ್ಟಿಯೋ ತೆಳುವೋ, ಏನನ್ನೂ ನಾನು ಹೇಳಿರಲಿಲ್ಲ. ಹೇಳದೆ ಬಿಟ್ಟಿದ್ದನ್ನೆಲ್ಲ ತಂತ್ರಾಂಶ ತನಗೆ ಗೊತ್ತಿದ್ದದ್ದರಿಂದ ತುಂಬಿಕೊಂಡಿತು. ಅದಕ್ಕೆ ಗೊತ್ತಿರುವುದು ಇಂಟರ್ನೆಟ್ಟಿನ ಚಿತ್ರಗಳು ಮತ್ತು ಅವುಗಳ ಪಕ್ಕದಲ್ಲಿದ್ದ ಬರಹ, ಅದರಲ್ಲೂ ಹೆಚ್ಚಿನ ಪಾಲು ಇಂಗ್ಲಿಷಿನದು. `generous portion` ಎಂಬ ಮಾತು ಎಂಥ ಚಿತ್ರಗಳ ಪಕ್ಕದಲ್ಲಿರುತ್ತದೆ ಯೋಚಿಸಿ. ಜಾಹೀರಾತು, ಅಡುಗೆ ಪುಸ್ತಕ, ರೆಸಾರ್ಟಿನ ಬ್ರೋಷರು. ಅಲ್ಲಿಯ ತಟ್ಟೆಗಳು ಮೊದಲೇ ಉಬ್ಬಿಸಿದ ತಟ್ಟೆಗಳು. ಉಬ್ಬಿಸಿದ್ದನ್ನು ನೋಡಿ ಕಲಿತದ್ದಕ್ಕೆ ನಾವು ಇನ್ನೂ 'ಧಾರಾಳವಾಗಿ' ಅಂದರೆ ಗೋಪುರವೇ ಏಳುವುದು.

ಬಿಸಿಬೇಳೆ ಬಾತು ಎಂಬ ಹೆಸರಿನಿಂದಲೂ ಅದಕ್ಕೆ ಹೆಚ್ಚೇನೂ ತಿಳಿದಿರಲಿಲ್ಲ. ಬಿರಿಯಾನಿ, ಪುಲಾವ್, ಖಿಚಡಿಗಳ ಚಿತ್ರ ಲೋಕದಲ್ಲಿ ಹೇರಳ. ನಮ್ಮ ಬಾತಿನದು ಅದರ ಮುಂದೆ ತೀರ ಕಡಿಮೆ. ಹಾಗಾಗಿ ಹೆಸರು ಹೇಳಿ ಬಿಟ್ಟರೆ ಉದುರು ಉದುರಾದ ಬಾಸ್ಮತಿ ಅನ್ನಕ್ಕೆ ಕೆಂಪು ಬಣ್ಣ ಬಳಿದಂಥದ್ದು ಬರುತ್ತದೆ. ನಮ್ಮದು ಅಕ್ಕಿ ಬೇಳೆ ಎರಡೂ ಕರಗಿ ಒಂದಾಗಿ, ತಟ್ಟೆಗೆ ಹಾಕಿದರೆ ಮೆಲ್ಲಗೆ ಹರಡಿಕೊಳ್ಳುವ ಪದಾರ್ಥ. ಹರಡುವ ಪದಾರ್ಥ ಗೋಪುರವಾಗಿ ನಿಲ್ಲುವುದೇ ಇಲ್ಲ. ಅಂದರೆ ಹದ ತಪ್ಪಿದ ಚಿತ್ರದಲ್ಲಿ ಪ್ರಮಾಣವೂ ತಪ್ಪುತ್ತದೆ. ಇದು ನನಗೆ ಹೊಳೆಯಲು ಭಟ್ಟರು ಬೇಕಾದರು. ಕಾರ್ಡನ್ನು ಒಮ್ಮೆ ನೋಡಿ, "ಇದು ನಿನ್ನೆ ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದು, ಅದಕ್ಕೇ ನಿಂತಿದೆ" ಅಂದರು.

ಆಹಾರದ ಫೋಟೋದಲ್ಲಿ ಪ್ರಮಾಣದ ಸುಳ್ಳು ಎಐ ಬಂದಮೇಲೆ ಹುಟ್ಟಿದ್ದಲ್ಲ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಜಾಹೀರಾತಿನ ಬಟ್ಟಲಿನಲ್ಲಿ ಸೂಪಿನ ಕೆಳಗೆ ಗಾಜಿನ ಗೋಲಿಗಳನ್ನು ಹಾಕಿದ್ದರು. ಬಟ್ಟಲಲ್ಲಿ ಬಿಟ್ಟರೆ ತರಕಾರಿ ಹೋಳು ತಳಕ್ಕಿಳಿದು ಕಾಣದೇ ಹೋಗುತ್ತದೆ. ಗೋಲಿಗಳು ಅವನ್ನು ಮೇಲಕ್ಕೆತ್ತಿ ಹಿಡಿದವು, ಸೂಪು ಹೋಳುಗಳಿಂದಲೇ ತುಂಬಿದ ಹಾಗೆ ಕಂಡಿತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಹಿಡಿಯಿತು. 1970ರಲ್ಲಿ, ಇನ್ನು ಹೀಗೆ ಮಾಡುವುದಿಲ್ಲ ಎಂದು ಕಂಪನಿ ಒಪ್ಪಿಕೊಳ್ಳಬೇಕಾಯಿತು. ಗಮನಿಸಬೇಕಾದದ್ದೆಂದರೆ ಆ ಸೂಪು ನಿಜವಾದ ಸೂಪೇ, ಹೋಳುಗಳೂ ನಿಜದವೇ. ಸುಳ್ಳು ಇದ್ದದ್ದು 'ಎಷ್ಟು' ಎಂಬುದರಲ್ಲಿ ಮಾತ್ರ. ನಾನು ಗೋಲಿ ಹಾಕಿರಲಿಲ್ಲ, `generous` ಅಂತ ಬರೆದಿದ್ದೆ.

ನಮ್ಮಲ್ಲೂ ಇದು ದೊಡ್ಡ ಮಟ್ಟಕ್ಕೆ ಹೋಗಿದೆ. 2024ರ ಆಗಸ್ಟಿನಲ್ಲಿ ಜೊಮ್ಯಾಟೊದ ಮುಖ್ಯಸ್ಥ ದೀಪಿಂದರ್ ಗೋಯಲ್, ಎಐನಿಂದ ಮಾಡಿದ ತಿಂಡಿಯ ಚಿತ್ರಗಳನ್ನು ಮೆನುವಿನಲ್ಲಿ ಹಾಕಬೇಡಿ ಎಂದು ಹೋಟೆಲುಗಳನ್ನು ಕೇಳಿಕೊಂಡರು; ಆ ತಿಂಗಳ ಕೊನೆಯ ಹೊತ್ತಿಗೆ ಅಂಥವನ್ನು ತೆಗೆಯಲು ಶುರುಮಾಡುತ್ತೇವೆ ಎಂದೂ ಹೇಳಿದರು. ಚಿತ್ರ ನೋಡಿ ತರಿಸಿಕೊಂಡವರು ದೂರು ಕೊಡುತ್ತಾರೆ, ದುಡ್ಡು ವಾಪಸ್ ಕೇಳುತ್ತಾರೆ, ಕಡಿಮೆ ರೇಟಿಂಗ್ ಕೊಡುತ್ತಾರೆ ಎಂಬುದು ಅವರು ಕೊಟ್ಟ ಕಾರಣ. ಆದ್ದರಿಂದ ಅಂಥ ಆ್ಯಪ್‌ಗೆ ಚಿತ್ರ ಬೇಕಿದ್ದರೆ ಮುಂದೆ ಹೇಳುವುದನ್ನೆಲ್ಲ ಬಿಟ್ಟು ಫೋನಿನಲ್ಲೇ ಫೋಟೋ ತೆಗೆಯಿರಿ. ನಾನು ಹೇಳುತ್ತಿರುವುದು ಟೇಬಲ್ಲಿನ ಮೇಲಿಡುವ ಕಾರ್ಡಿನ ಮಾತು. ಅಲ್ಲೂ ಕಾನೂನು ಇಲ್ಲ ಅಂದುಕೊಳ್ಳುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತು ಎಂದರೆ ಏನು ಎಂದು ಹೇಳಿರುವಾಗ ಸರಕಿನ ಗುಣದ ಜೊತೆಗೆ ಪ್ರಮಾಣವನ್ನೂ ಹೆಸರಿಸಿದ್ದಾರೆ.

ಆವತ್ತು ಅಡುಗೆಮನೆಗೇ ಹೋದೆ. ಕೈಯಲ್ಲಿ ಒಂದು ಸ್ಕೇಲು, ಪಕ್ಕದ ಬೇಕರಿಯಿಂದ ತಂದ ತೂಕದ ಯಂತ್ರ. ಭಟ್ಟರು ಎಂದಿನಂತೆ ಬಡಿಸಲಿ, ನನಗಾಗಿ ಕೈ ಉದ್ದ ಮಾಡುವುದು ಬೇಡ ಎಂದು ಕೇಳಿಕೊಂಡು ಐದು ತಟ್ಟೆ ತೂಗಿದೆ. ಎಲ್ಲವೂ 300 ಗ್ರಾಂನ ಆಸುಪಾಸಿನಲ್ಲೇ ಇದ್ದವು. ಮೂವತ್ತು ವರ್ಷ ಒಂದೇ ಸೌಟು ಹಿಡಿದ ಕೈ. ತಟ್ಟೆಯ ಅಡ್ಡಗಲ 20 ಸೆಂಟಿಮೀಟರ್. ಬಾತು ಹರಡಿ ನಿಂತಾಗ ಅದರ ಅಡ್ಡಗಲ 13 ಸೆಂಟಿಮೀಟರಿಗಿಂತ ತುಸು ಹೆಚ್ಚು, ಎತ್ತರ ಸುಮಾರು 2 ಸೆಂಟಿಮೀಟರ್. ಪಕ್ಕದ ಚಮಚದ ಉದ್ದ 16.

ಹೀಗೆ ಅಳೆದು ತಂದ 300 ಗ್ರಾಂ ಅನ್ನು ನೇರವಾಗಿ ಪ್ರಾಂಪ್ಟಿಗೆ ಹಾಕಿದೆ. ಏನೂ ಆಗಲಿಲ್ಲ. 300 ಎಂದರೂ 600 ಎಂದರೂ ಅದೇ ಗಾತ್ರದ ರಾಶಿ. ಕಾರಣ ಯೋಚಿಸಿದರೆ ಸರಳ. ಈ ತಂತ್ರಾಂಶಗಳಲ್ಲಿ ಬಹಳಷ್ಟು ಕೆಲಸ ಮಾಡುವ ರೀತಿ ಹೀಗೆ: ಮೊದಲು ಹಳೇ ಟಿವಿಯಲ್ಲಿ ಕೇಬಲ್ ಹೋದಾಗ ಬರುತ್ತಿದ್ದಂಥ ಚುಕ್ಕೆ ಚುಕ್ಕೆಯ ಗೊಂದಲ, ಆಮೇಲೆ ಹೆಜ್ಜೆ ಹೆಜ್ಜೆಯಾಗಿ ಆ ಗೊಂದಲವನ್ನು ಒರೆಸುತ್ತ, ನಾವು ಬರೆದ ಮಾತಿಗೆ ಹೊಂದುವ ಚಿತ್ರದ ಕಡೆಗೆ ಎಳೆಯುವುದು. ಇದರೊಳಗೆ ತಕ್ಕಡಿ ಇಲ್ಲ. ಒಂದು ಚಿತ್ರ ನೋಡಿ ಅದರಲ್ಲಿರುವುದು 300 ಗ್ರಾಂ ಎಂದು ನಿಮಗೂ ನನಗೂ ಹೇಳಲಾಗದು, ಹಾಗಿರುವಾಗ ಚಿತ್ರಗಳಿಂದಲೇ ಕಲಿತದ್ದಕ್ಕೆ ಹೇಗೆ ತಿಳಿದೀತು? ಸೆಂಟಿಮೀಟರಿನ ಕಥೆಯೂ ಅಷ್ಟೇ. ಅದಕ್ಕೆ ತಿಳಿಯುವುದು ಒಂದರ ಪಕ್ಕ ಇನ್ನೊಂದು. ತಟ್ಟೆಯ ಅಂಚು ಎಷ್ಟು ಖಾಲಿ ಕಾಣುತ್ತದೆ, ಚಮಚ ರಾಶಿಗಿಂತ ಉದ್ದವೋ ಗಿಡ್ಡವೋ, ಮೇಲ್ಭಾಗ ಚಪ್ಪಟೆಯೋ ಗುಡ್ಡವೋ.

ಹಾಗಾಗಿ ಗ್ರಾಮನ್ನು ಕಣ್ಣಿಗೆ ಕಾಣುವ ಮಾತಿಗೆ ಇಳಿಸಬೇಕು. 20ರಲ್ಲಿ 13 ಎಂದರೆ ತಟ್ಟೆಯ ಅಗಲದ ಮೂರರಲ್ಲಿ ಎರಡು ಪಾಲು. ಚಮಚ ಬಾತಿನ ಅಗಲಕ್ಕಿಂತ ಸ್ವಲ್ಪ ಉದ್ದ. ಸುತ್ತಲೂ ಬರಿ ಸ್ಟೀಲು ಕಾಣಬೇಕು. ತಟ್ಟೆ, ಚಮಚ, ನೀರಿನ ಲೋಟ, ಇಂಥ ಅಳತೆ ಗೊತ್ತಿರುವ ವಸ್ತು ಚಿತ್ರದಲ್ಲಿ ಇರಲೇಬೇಕು. ನನ್ನ ಮೊದಲ ಚಿತ್ರದ ಕಪ್ಪು ಬಟ್ಟಲು ಬೊಗಸೆಯಷ್ಟೂ ಇರಬಹುದಿತ್ತು, ಬೋಗುಣಿಯಷ್ಟೂ ಇರಬಹುದಿತ್ತು, ಏಕೆಂದರೆ ಪಕ್ಕದಲ್ಲಿ ಏನೂ ಇರಲಿಲ್ಲ. ಅಂಥ ಕಡೆ ನೋಡುವವರು ತಮ್ಮ ಹಸಿವಿಗೆ ತಕ್ಕ ಗಾತ್ರವನ್ನೇ ಊಹಿಸಿಕೊಳ್ಳುತ್ತಾರೆ.

ಬರೆಯುವ ಕ್ರಮದಲ್ಲೂ ಒಂದು ವಿಷಯ ಇದೆ. ಸ್ಟೇಬಲ್ ಡಿಫ್ಯೂಷನ್‌ನ ಮೊದಲಿನ ಆವೃತ್ತಿಗಳು ಒಂದು ಸಲಕ್ಕೆ ಓದುತ್ತಿದ್ದದ್ದು 77 ತುಣುಕು ಪದಗಳಷ್ಟನ್ನೇ. ಅದಕ್ಕಿಂತ ಹೆಚ್ಚಾದದ್ದು ಕತ್ತರಿಸಿಹೋಗುತ್ತಿತ್ತು. ಈಗಿನವು ಉದ್ದದ ಸೂಚನೆಯನ್ನೂ ಓದುತ್ತವೆ. ಆದರೂ ಪ್ರಮಾಣದ ಮಾತನ್ನು ಮೊದಲಿಗೆ ಇಡುವ ಅಭ್ಯಾಸ ನಾನು ಬಿಟ್ಟಿಲ್ಲ. ಮೊದಲು ತಟ್ಟೆ, ಆಮೇಲೆ ರಾಶಿ, ಆಮೇಲೆ ಮೇಲಿನ ಬೂಂದಿ ತುಪ್ಪ, ಕೊನೆಗೆ ಬೆಳಕು, ಆವಿ. `delicious`, `8k` ಇಂಥವನ್ನು ಕಿತ್ತು ಹಾಕಿದೆ. ಜಾಹೀರಾತಿನ ಮಾತು ಬರೆದರೆ ಜಾಹೀರಾತಿನ ತಟ್ಟೆಯೇ ಬರುತ್ತದೆ.

ಬೇಡದ್ದನ್ನು ಹೇಳುವುದು ಇನ್ನೊಂದು ತಾಪತ್ರಯ. ಮೊದಲ ಚಿತ್ರದ ಗೋಡಂಬಿ ನೋಡಿ ಯಜಮಾನರಿಗೆ ಎದೆ ಧಸಕ್ಕೆಂದಿತ್ತು, ಅವರು ಹಾಕುವುದು ಕಡಲೆಬೀಜ. `no cashews` ಎಂದು ಬರೆದೆ. ಮುಂದಿನ ಚಿತ್ರದಲ್ಲಿ ಗೋಡಂಬಿ ಇನ್ನೂ ಹೆಚ್ಚು. ಬಹಳಷ್ಟು ತಂತ್ರಾಂಶಗಳಿಗೆ 'ಬೇಡ' ಎಂಬುದು ಕಿವಿಗೆ ಸರಿಯಾಗಿ ಬೀಳುವುದಿಲ್ಲ, ಗೋಡಂಬಿ ಎಂಬ ಹೆಸರು ಬಿದ್ದರೆ ಸಾಕು ತಂದಿಡುತ್ತವೆ. ಕೆಲವದರಲ್ಲಿ `Negative prompt` ಎಂಬ ಬೇರೆ ಪೆಟ್ಟಿಗೆ ಇರುತ್ತದೆ, ಬೇಡದ್ದನ್ನು ಅಲ್ಲಿ, 'ನೋ' ಇಲ್ಲದೆ, ಬರಿ ಹೆಸರಾಗಿ ಬರೆಯಬೇಕು. ಆ ಪೆಟ್ಟಿಗೆ ಇಲ್ಲದಿದ್ದರೆ ಬೇಡದ್ದರ ಸುದ್ದಿಯನ್ನೇ ಎತ್ತದೆ, ಬೇಕಾದ ಕಡಲೆಬೀಜವನ್ನು ಹೇಳುವುದೇ ವಾಸಿ. ಗೋಡಂಬಿಯೂ ಪ್ರಮಾಣದ ಮಾತೇ ಎಂದು ನನ್ನ ಎಣಿಕೆ. ಎಂಟು ಗೋಡಂಬಿ ತೋರಿಸಿ ನಾಲ್ಕು ಕಡಲೆಬೀಜ ಕೊಟ್ಟರೆ, ತೂಕ ಸರಿಯಿದ್ದರೂ ಗಿರಾಕಿ ಎಣಿಸುತ್ತಾರೆ.

ಇಷ್ಟಾದ ಮೇಲೆ ಬರೆದದ್ದು ಹೀಗಿತ್ತು:

```
Plain round steel plate on a granite table, seen from 45 degrees.
Soft runny rice-and-lentil dish, orange-brown, grains broken down,
spread in a low flat pool two thirds as wide as the plate,
bare steel visible all around. Carrot, beans, a few peanuts.
A steel spoon beside it, slightly longer than the pool is wide.
One spoon of melting ghee, small handful of boondi on top.
Window light from behind, dark wall, faint thin steam.
```

ಬಾತಿನ ಹೆಸರೇ ಇದರಲ್ಲಿಲ್ಲ ಎಂಬುದು ನಿಮ್ಮ ಕಣ್ಣಿಗೆ ಬಿದ್ದಿರಬೇಕು. ಅದನ್ನು ನೋಡಿಯೇ ಇಲ್ಲದ ಊರಿನವರಿಗೆ ಫೋನಿನಲ್ಲಿ ವರ್ಣಿಸುವ ಹಾಗೆ ಬರೆದದ್ದು. ಹೆಸರು ಸೇರಿಸಿಯೂ ನೋಡಿದೆ. ಸೇರಿಸಿದರೆ ಕೊತ್ತಂಬರಿ ವಾಪಸು ಬರುತ್ತಿತ್ತು.

ಕೊನೆಯ ಸಾಲಿನ ಆವಿಯ ಹಿಂದೆ ಒಂದು ದಿನವೇ ಕಳೆಯಿತು. ಫೋಟೋದವರಿಗೆ ಮೊದಲಿನಿಂದಲೂ ಇದು ತಲೆನೋವು. ತಟ್ಟೆ ಕ್ಯಾಮೆರಾ ಮುಂದೆ ಬರುವ ಹೊತ್ತಿಗೆ ಆರಿರುತ್ತದೆ, ಅದಕ್ಕೇ ಬಿಸಿ ನೀರಲ್ಲಿ ನೆನೆಸಿದ ಹತ್ತಿಯುಂಡೆಯನ್ನು ತಟ್ಟೆಯ ಹಿಂದೆ ಬಚ್ಚಿಟ್ಟು ಆವಿ ಎಬ್ಬಿಸುತ್ತಿದ್ದರು. ಎಐಗೆ ಆ ಕಷ್ಟ ಇಲ್ಲ, ಅದರ ಕಷ್ಟ ಉಲ್ಟಾ. ಆವಿ ಅಂದರೆ ಅದು ನಿಲ್ಲಿಸುವುದೇ ಇಲ್ಲ.

ನಿಜವಾದ ಆವಿಯನ್ನು ಒಮ್ಮೆ ಸರಿಯಾಗಿ ನೋಡಿದರೆ ಚಿತ್ರದ ತಪ್ಪು ಹಿಡಿಯುವುದು ಸುಲಭ. ಬಾತಿನಿಂದ ಏಳುವ ನೀರಾವಿ ಕಣ್ಣಿಗೆ ಕಾಣುವಂಥದ್ದಲ್ಲ. ಅದು ಮೇಲಿನ ತಣ್ಣನೆ ಗಾಳಿಗೆ ತಾಗಿ ಸಣ್ಣ ಸಣ್ಣ ಹನಿಯಾದಾಗ ನಮಗೆ ಕಾಣುವುದು, ಆ ಹನಿ ಮತ್ತೆ ಒಣಗಾಳಿಯಲ್ಲಿ ಕರಗಿದರೆ ಮಾಯ. ಹಾಗಾಗಿ ಅದು ತೆಳುವಾದ ಎಳೆಗಳಾಗಿ ಎದ್ದು, ಒಂದು ಗೇಣು ಏರುವ ಮುಂಚೆಯೇ ಬಳುಕಿ ಚದುರಿಹೋಗುತ್ತದೆ. ಕುದಿಯುವ ಹಂಡೆಯ ಆವಿ ಬೇರೆ, ತಟ್ಟೆಗೆ ಬಡಿಸಿದ ಬಾತಿನ ಆವಿ ಬೇರೆ. ಎಐ ಬರೆಯುವುದು ಸಾಮಾನ್ಯವಾಗಿ ಹಂಡೆಯದು, ಇಲ್ಲವೇ ಊದುಬತ್ತಿಯದು. ದಪ್ಪ ಎಳೆ, ಚಿತ್ರದ ಮೇಲಂಚಿನ ತನಕ ಕರಗದೆ ಹೋಗುವುದು. `steaming hot` ಎಂದರೆ ಇದು ಖಾತ್ರಿ. `faint thin steam` ಎಂದಾಗ ಹತ್ತರಲ್ಲಿ ನಾಲ್ಕೈದು ಚಿತ್ರ ಹದಕ್ಕೆ ಬಂದವು.

ಬೆಳಕನ್ನು ಹಿಂದಿನಿಂದ, ಗೋಡೆಯನ್ನು ಕಪ್ಪಾಗಿ ಕೇಳಿದ್ದಕ್ಕೂ ಇದೇ ಕಾರಣ. ಬೆಳಗ್ಗೆ ಅಡುಗೆಮನೆಯ ಕಿಟಕಿಯ ಬಿಸಿಲಿಗೆ ಎದುರಾಗಿ ನಿಂತು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಆವಿ ಹೊಳೆಯುತ್ತದೆ, ಕಿಟಕಿಗೆ ಬೆನ್ನು ಹಾಕಿ ನಿಂತರೆ ಅರ್ಧವೂ ಕಾಣುವುದಿಲ್ಲ. ಆ ಹನಿಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆಲ್ಲುತ್ತವೆ. ಬಿಳಿ ಹಿನ್ನೆಲೆ ಕೇಳಿ, ಆವಿಯನ್ನೂ ಕೇಳಿದರೆ ತಂತ್ರಾಂಶ ಇಕ್ಕಟ್ಟಿಗೆ ಸಿಕ್ಕಿ ಇಡೀ ಚಿತ್ರಕ್ಕೆ ಬೂದು ಮಂಜು ಕವಿಸಿಬಿಡುತ್ತದೆ.

ಭಟ್ಟರು ಹಿಡಿದ ತಪ್ಪು ಇದ್ಯಾವುದೂ ಅಲ್ಲ. ನನಗೆ ಚೆನ್ನಾಗಿಯೇ ಕಂಡ ಚಿತ್ರವೊಂದನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿ, "ತುಪ್ಪ ನೋಡಿ" ಅಂದರು. ಬಾತಿನ ಮೇಲೆ ತುಪ್ಪ ಬಿಳಿ ಉಂಡೆಯಾಗಿ ಕೂತಿತ್ತು, ಅಂಚು ಕೂಡ ಕರಗಿರಲಿಲ್ಲ. "ಇಷ್ಟು ಹಬೆ ಬರೋ ಬಾತಿನ ಮೇಲೆ ತುಪ್ಪ ಹಿಂಗಿರತ್ತಾ?" ಇನ್ನೊಂದರಲ್ಲಿ ಪಕ್ಕದ ಮೊಸರುಬಜ್ಜಿಯ ಬಟ್ಟಲಿನಿಂದಲೂ ಹಬೆ ಎದ್ದಿತ್ತು! ಆವಿ ಎಂಬುದು ಚಿತ್ರದಲ್ಲಿ ಒಬ್ಬಂಟಿಯಾಗಿ ನಿಲ್ಲುವುದಿಲ್ಲ. ತುಪ್ಪ ಕರಗಿ ಅಂಚಿಗೆ ಹರಿದಿರಬೇಕು, ಬಾತಿನ ಮೈ ಹೊಳೆಯಬೇಕು, ಅದಕ್ಕೆ ತಾಗಿದ ಬೂಂದಿ ಸ್ವಲ್ಪ ಮೆತ್ತಗಾಗಿ ಮೇಲಿನದು ಗರಿಗರಿಯಾಗೇ ಇರಬೇಕು. ಇವು ಹೊಂದದಿದ್ದರೆ ನೋಡುವವರಿಗೆ ತಪ್ಪು ಯಾವುದೆಂದು ಹೇಳಲು ಬರದಿದ್ದರೂ ಚಿತ್ರ ಸಪ್ಪೆ ಅನ್ನಿಸುತ್ತದೆ.

ಕೊನೆಗೆ ನಾನು ಬೇರೆ ದಾರಿ ಹಿಡಿದೆ. ಆವಿಯಿಲ್ಲದ ತಟ್ಟೆಯನ್ನು ಒಂದು ಚಿತ್ರವಾಗಿ, ಕಡುಗಪ್ಪಿನ ಮೇಲೆ ಬರಿ ಆವಿಯನ್ನು ಇನ್ನೊಂದು ಚಿತ್ರವಾಗಿ ಮಾಡಿಸಿ, ಫೋಟೋ ತಿದ್ದುವ ತಂತ್ರಾಂಶದಲ್ಲಿ ಒಂದರ ಮೇಲೊಂದು ಇಟ್ಟೆ. `Screen` ಎಂಬ ಆಯ್ಕೆ ಒತ್ತಿದರೆ ಕಪ್ಪು ಮಾಯವಾಗಿ ಆವಿ ಮಾತ್ರ ಉಳಿಯುತ್ತದೆ, ಆಮೇಲೆ ಬೇಕಾದಷ್ಟು ತಿಳಿಯಾಗಿಸಬಹುದು. ಇದರಿಂದ ಇನ್ನೊಂದು ಉಪಕಾರವೂ ಆಯಿತು. ದಟ್ಟ ಹೊಗೆ ಬಾತಿನ ಹಿಂದಿನ ಅಂಚನ್ನು ಮುಚ್ಚಿದರೆ ರಾಶಿ ಎಲ್ಲಿಗೆ ಮುಗಿಯಿತೆಂದು ತಿಳಿಯುವುದಿಲ್ಲ, ದೊಡ್ಡದಾಗೇ ತೋರುತ್ತದೆ. ಹೊಗೆಯ ಮರೆಯಲ್ಲಿ ನುಸುಳುವ ಈ ಹೆಚ್ಚಳವನ್ನು ತಡೆಯಲು ಆವಿ ಇಲ್ಲದ ಚಿತ್ರದಲ್ಲೇ ಅಳತೆ ಮುಗಿಸಬೇಕು.

ಅಳೆಯುವುದು ಕಷ್ಟವಲ್ಲ. ಓರೆಯಿಂದ ತೆಗೆದ ಚಿತ್ರದಲ್ಲಿ ತಟ್ಟೆ ಮೊಟ್ಟೆಯಾಕಾರ ಕಾಣುತ್ತದೆ, ಹಿಂದು ಮುಂದಿನ ಅಳತೆ ಕುಗ್ಗಿರುತ್ತದೆ. ಎಡದಿಂದ ಬಲಕ್ಕೆ ಮಾತ್ರ ಕುಗ್ಗಿರುವುದಿಲ್ಲ. ಆದ್ದರಿಂದ ಅಡ್ಡಲಾಗಿ ತಟ್ಟೆ ಎಷ್ಟು, ರಾಶಿ ಎಷ್ಟು ಎಂದು ಪರದೆಯ ಮೇಲೇ ಅಳೆದು ಭಾಗಿಸಿದರೆ ಆಯಿತು. ಮೊದಮೊದಲಿನ ಒಂದು ಪ್ರಯತ್ನದಲ್ಲಿ ತಟ್ಟೆ 700 ಪಿಕ್ಸೆಲ್, ಬಾತು 600 ಇತ್ತು. ನಮ್ಮ 20 ಸೆಂಟಿಮೀಟರ್ ತಟ್ಟೆಗೆ ಹೊಂದಿಸಿದರೆ ಬಾತು 17 ಸೆಂಟಿಮೀಟರ್ ಅಗಲ. ನಿಜದ್ದು 13 ಚಿಲ್ಲರೆ. ನಾಲ್ಕು ಸೆಂಟಿಮೀಟರ್ ತಾನೇ ಎಂದು ಬಿಡುವ ಹಾಗಿಲ್ಲ, ಏಕೆಂದರೆ ಬಾತು ಎಲ್ಲ ದಿಕ್ಕಿಗೂ ಹರಡುತ್ತದೆ. ಅಗಲ ಕಾಲು ಭಾಗ ಹೆಚ್ಚಾದರೆ ಆವರಿಸುವ ಜಾಗ ಒಂದೂವರೆ ಪಟ್ಟು ದಾಟುತ್ತದೆ. ಆ ಚಿತ್ರದಲ್ಲಿ ಎತ್ತರವೂ ಮೂರೂವರೆ ಸೆಂಟಿಮೀಟರ್ ಇದ್ದಂತಿತ್ತು. ಎರಡೂ ಸೇರಿದರೆ ಸುಮಾರು 800 ಗ್ರಾಂಗೂ ಮಿಕ್ಕಿದ ಬಾತು, ಮೂವರು ಉಣ್ಣುವಷ್ಟು. ನೋಡಲು ಮಾತ್ರ 'ಸ್ವಲ್ಪ ತುಂಬಿದ ತಟ್ಟೆ' ಅನ್ನಿಸುತ್ತಿತ್ತು. ಕಣ್ಣಂದಾಜನ್ನು ನಾನು ಅಂದಿನಿಂದ ನಂಬುವುದಿಲ್ಲ.

ಒಪ್ಪಿಕೊಂಡ ಚಿತ್ರದಲ್ಲಿ ತಟ್ಟೆ 720, ಬಾತು 490. ಮೂರರಲ್ಲಿ ಎರಡು ಪಾಲು ಅನ್ನಲು ಅಡ್ಡಿಯಿಲ್ಲ. ಸಂತೋಷದಿಂದ ಯಜಮಾನರಿಗೆ ಕಳಿಸಿದೆ. ಅವರ ಮುಖ ಸಪ್ಪಗಾಯಿತು. "ಅಲ್ಲ ಸಾರ್, ಅರ್ಧ ತಟ್ಟೆ ಖಾಲಿ ಕಾಣ್ತಿದೆಯಲ್ಲಾ." ಲೆಕ್ಕಕ್ಕೆ ಅವರು ಹೇಳಿದ್ದು ಸರಿಯೇ. ಅಗಲದಲ್ಲಿ ಮೂರರಲ್ಲಿ ಎರಡು ಪಾಲು ಅಂದರೆ ಜಾಗದಲ್ಲಿ ಅರ್ಧಕ್ಕೂ ಕಡಿಮೆ. ಗಿರಾಕಿಗಳು ವರ್ಷಗಟ್ಟಲೆ ಅದೇ ಖಾಲಿ ತಟ್ಟೆಯನ್ನು ನೋಡುತ್ತಿದ್ದರು, ಯಜಮಾನರು ಗಲ್ಲಾದ ಹಿಂದಿನಿಂದ ನೋಡಿರಲಿಲ್ಲ. ಅವರಿಗೆ ಎರಡು ದಾರಿ ಇದ್ದವು: ಇನ್ನರ್ಧ ಸೌಟು ಬಾತು, ಇಲ್ಲವೇ ಚಿಕ್ಕ ತಟ್ಟೆ. ಎರಡನೆಯದನ್ನು ಹಿಡಿದರು. 17 ಸೆಂಟಿಮೀಟರಿನ ಅಂಚು ಎತ್ತಿದ ತಟ್ಟೆ ತರಿಸಿದರು, ಅದರಲ್ಲಿ ಅದೇ 300 ಗ್ರಾಂ ಸುಮಾರು ಐದರಲ್ಲಿ ನಾಲ್ಕು ಪಾಲು ಅಗಲ ತುಂಬುತ್ತದೆ. ಇದೂ ಕಣ್ಕಟ್ಟೇ ಅಲ್ಲವೇ ಎಂದು ಮನೆಯಲ್ಲಿ ಕೇಳಿದರು. ಇರಬಹುದು. ಆದರೆ ಚಿತ್ರದಲ್ಲಿರುವ ತಟ್ಟೆಯೇ ಟೇಬಲ್ಲಿಗೂ ಬರುತ್ತದೆ, ಕಾರ್ಡಿನಲ್ಲಿ ಹೆಸರಿನ ಕೆಳಗೆ '300 ಗ್ರಾಂ' ಎಂದು ಅಚ್ಚಾಗಿದೆ. ಹತ್ತು ಅಥವಾ ಹೆಚ್ಚು ಕಡೆ ಶಾಖೆಯಿರುವ ಹೋಟೆಲುಗಳು ಒಂದು ಬಡಿಕೆಯ ಪ್ರಮಾಣವನ್ನೂ ಕ್ಯಾಲೊರಿಯನ್ನೂ ಮೆನುವಿನಲ್ಲಿ ತೋರಿಸಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವಿದೆ. ಒಂದೇ ಶಾಖೆಯ ಇವರಿಗೆ ಅದು ಕಡ್ಡಾಯವಲ್ಲ, ಹಾಕಬಾರದು ಎಂದೂ ಇಲ್ಲ.

ಹೊಸ ತಟ್ಟೆಗೆ ಹೊಸ ಚಿತ್ರ ಬೇಕಾಯಿತು. ಈ ಸಲ ಮಾತಿನಿಂದ ಶುರು ಮಾಡಲಿಲ್ಲ. ಭಟ್ಟರು ಬಡಿಸಿದ ತಟ್ಟೆಯನ್ನೇ ಫೋನಿನಲ್ಲಿ ತೆಗೆದು, ಆ ಫೋಟೋವನ್ನು ತಂತ್ರಾಂಶಕ್ಕೆ ಕೊಟ್ಟು, ಟ್ಯೂಬ್‌ಲೈಟಿನ ಹಸಿರು ಛಾಯೆ ತೆಗೆದು ಕಿಟಕಿ ಬೆಳಕು ಕೊಡು, ಹಿಂದಿನ ಸಿಲಿಂಡರಿನ ಜಾಗದಲ್ಲಿ ಕಪ್ಪು ಗೋಡೆ ಕೊಡು ಎಂದಷ್ಟೇ ಕೇಳಿದೆ. ಹೀಗೆ ಫೋಟೋ ಕೊಟ್ಟು ಮಾಡಿಸುವಾಗ ಕೆಲವು ತಂತ್ರಾಂಶಗಳಲ್ಲಿ `Denoising strength` ಎಂಬ ಅಂಕಿ ಇರುತ್ತದೆ. ಸೊನ್ನೆಯ ಹತ್ತಿರ ಇಟ್ಟರೆ ನಿಮ್ಮ ಫೋಟೋ ಹಾಗೇ ಉಳಿಯುತ್ತದೆ, ಒಂದರ ಹತ್ತಿರ ಹೋದಂತೆ ಅದು ತನ್ನದೇ ತಟ್ಟೆ ಮಾಡಿಕೊಳ್ಳುತ್ತದೆ. 0.3ರಲ್ಲಿ ಬಾತಿನ ಅಂಚು ಅಲುಗಲಿಲ್ಲ. 0.6ಕ್ಕೆ ಏರಿಸಿದಾಗ ರಾಶಿ ಉಬ್ಬಿತು, ಗೋಡಂಬಿ ತಲೆ ಎತ್ತಿತು. ಈ ದಾರಿ ಮೊದಲೇ ಹಿಡಿದಿದ್ದರೆ ಮೇಲಿನ ಅರ್ಧ ಕಥೆ ಇರುತ್ತಿರಲಿಲ್ಲ. ಹಾಗಾದರೆ ಕಿಟಕಿ ಪಕ್ಕ ತಟ್ಟೆ ಇಟ್ಟು ಫೋಟೋ ತೆಗೆದು ಸುಮ್ಮನಿರಬಹುದಲ್ಲ ಎಂದರೆ, ಒಂದೆರಡು ತಿಂಡಿಗೆ ಖಂಡಿತ ಅಷ್ಟೇ ಸಾಕು. ಆದರೆ ಈ ಅಡುಗೆಮನೆಗೆ ಇರುವುದು ಒಂದೇ ಕಿಟಕಿ, ಅದರ ಮುಂದೆ ದೋಸೆ ಹಂಚು. ಕಾರ್ಡಿನಲ್ಲಿ 42 ತಿಂಡಿ.

ಅಚ್ಚಿಗೆ ಹೋಗುವ ಮುಂಚೆ ಒಂದು ಪ್ರತಿ ತೆಗೆಸಿ ನೋಡಿದ್ದು ಒಳ್ಳೆಯದಾಯಿತು. ಪರದೆಯ ಮೇಲೆ ಹದವಾಗಿದ್ದ ಆವಿ ಕಾಗದದ ಮೇಲೆ ಕಾಣಿಸಲೇ ಇಲ್ಲ, ಇನ್ನೊಂದು ಚೂರು ಏರಿಸಬೇಕಾಯಿತು. ಚಿತ್ರದ ಗಾತ್ರದ ವಿಷಯದಲ್ಲಿ ಕಾರ್ಡಿಗೆ ತೊಂದರೆಯಿಲ್ಲ: ಅಚ್ಚಿನವರು ಕೇಳುವುದು ಇಂಚಿಗೆ 300 ಚುಕ್ಕೆ, 1024 ಪಿಕ್ಸೆಲಿನ ಚಿತ್ರ ಮೂರು ಇಂಚು ಅಗಲಕ್ಕೆ ಧಾರಾಳ.

ಫೈಲಿನ ಹೆಸರಿನಲ್ಲೇ ಈಗ ತೂಕ, ತಟ್ಟೆಯ ಅಳತೆ, ತಾರೀಕು ಬರೆದಿಡುತ್ತೇನೆ. ಹೋದ ವಾರ ಯಜಮಾನರು ಮತ್ತೆ ಫೋನು ಮಾಡಿದ್ದರು. "ಸಾರ್, ಭಟ್ಟರ ಹಳೇ ಸೌಟಿನ ಹಿಡಿ ಮುರೀತು. ಹೊಸದು ತಂದಿದೀವಿ. ಫೋಟೋ ಏನೂ ಬದಲಾಯಿಸೋದು ಬೇಡ ಅಲ್ವಾ?"

"ಹೊಸದು ದೊಡ್ಡದೋ ಚಿಕ್ಕದೋ?" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನೀವು ಬರುವಾಗ ಬೇಕರಿಯವರ ತಕ್ಕಡಿ ತಗೊಂಡೇ ಬನ್ನಿ" ಅಂದರು.